ಬಂಗಾರ ಪ್ಲಾಸ್ಟಿಕ್‌ನಂತೆ ಕಾಣದಂತೆ ಪ್ರಾಂಪ್ಟ್ ಬರೆಯುವುದು

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಸರಾಫರೂ ಬೀದರಿನ ಬಿದರಿ ಕೆಲಸದವರೂ ಇಲ್ಲಿದ್ದೀರಿ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಚಿತ್ರ ಮಾಡುವ ಎಐಗೆ ಪ್ರಾಂಪ್ಟ್, ಅಂದರೆ ಸೂಚನೆಯಾಗಿ ‘ಹೊಳೆಯುವ ಬಂಗಾರದ ಉಂಗುರ, ಕೆಂಪು ಹರಳು, ಮ್ಯಾಕ್ರೋ ಫೋಟೋ’ ಎಂದು ಬರೆದರೆ ಜಾತ್ರೆಯಲ್ಲಿ ಸಿಗುವ ಉಂಗುರದಂಥ ಚಿತ್ರ ಬರುತ್ತದೆ. ಯಾಕೆ?

ಹೊಳಪಿನ ಬಣ್ಣ ನೋಡ್ರಿ. ಪ್ಲಾಸ್ಟಿಕ್ ಮೇಲೆ ದೀಪದ ಪ್ರತಿಬಿಂಬ ಬೆಳ್ಳಗೆ ಬೀಳುತ್ತದೆ, ಅದರ ಕೆಳಗೆ ಹಳದಿ ಮೈ ಬೇರೆಯಾಗಿ ಕಾಣುತ್ತದೆ. ಬಂಗಾರಕ್ಕೆ ಹಾಗೆ ಬೇರೆ ಮೈಬಣ್ಣ ಎಂಬುದು ಇಲ್ಲವೆಂದೇ ಹೇಳಬಹುದು. ಅದರ ಪ್ರತಿಬಿಂಬಕ್ಕೇ ಬಂಗಾರದ ಬಣ್ಣ, ಎದುರಿಗೆ ಕತ್ತಲಿದ್ದರೆ ಬಂಗಾರವೂ ಕಪ್ಪು. ಆದ್ದರಿಂದ ‘ಹೊಳೆಯುವ’ ಎನ್ನುವುದನ್ನು ಬಿಟ್ಟು, ಉಂಗುರದ ಎದುರಿಗೆ ಏನಿದೆ ಎಂದು ಬರೆಯಿರಿ: ‘ಎಡಕ್ಕೆ ಉದ್ದನೆಯ ಸಾಫ್ಟ್‌ಬಾಕ್ಸ್, ಬಲಕ್ಕೆ ಕಪ್ಪು ಕಾರ್ಡ್, ಉಂಗುರದ ಮೇಲೆ ಒಂದು ಅಗಲವಾದ ಬೆಚ್ಚನೆಯ ಬೆಳಕಿನ ಪಟ್ಟಿ, ಅದಕ್ಕೆ ತಾಗಿಯೇ ಗಾಢ ಕಂದು ಅಂಚು.’ ಸಾಫ್ಟ್‌ಬಾಕ್ಸ್ ಎಂದರೆ ಬೆಳಕನ್ನು ಮೃದುವಾಗಿ ಅಗಲಕ್ಕೆ ಹರಡುವ ದೀಪದ ಪೆಟ್ಟಿಗೆ. ಆ ಗಾಢ ಅಂಚು ಬಂದರೆ ಅರ್ಧ ಕೆಲಸ ಮುಗಿಯಿತು. ‘ಪರಿಪೂರ್ಣ’, ‘ನುಣುಪಾದ’ ಎಂಬ ಪದಗಳನ್ನು ತೆಗೆದು, ‘ಪಾಲಿಶ್‌ನ ಸಣ್ಣ ಗೆರೆಗಳು’ ಎಂದು ಸೇರಿಸಿ.

ಹರಳಿನ ಮಿಂಚಿಗೆ ಸಾಫ್ಟ್‌ಬಾಕ್ಸ್ ಒಂದೇ ಸಾಲದು. ಅಗಲ ಬೆಳಕಿನಲ್ಲಿ ಮುಖಗಳೆಲ್ಲ ಒಂದೇ ಸಮ ಬೆಳಗಿ ಹರಳು ಜೆಲ್ಲಿಯಾಗುತ್ತದೆ. ‘ಮೇಲಿನಿಂದ ಒಂದು ಸಣ್ಣ ಚೂಪು ದೀಪ, ಎರಡು ಮೂರು ಮುಖಗಳು ಮಾತ್ರ ಪ್ರಖರ, ಉಳಿದವು ಗಾಢ ಕೆಂಪು’ ಎಂದು ಬರೆಯಿರಿ. ಮಾಣಿಕ್ಯದಲ್ಲಿ ಕಾಮನಬಿಲ್ಲಿನ ಕಿಡಿಗಳನ್ನು ಕೇಳಬೇಡಿ. ಬೆಳಕನ್ನು ಬಣ್ಣಗಳಾಗಿ ಒಡೆಯುವ ಶಕ್ತಿ ಅದಕ್ಕೆ ವಜ್ರದ ಅರ್ಧಕ್ಕಿಂತ ಕಡಿಮೆ, ಕಿಡಿ ಹೆಚ್ಚಾದರೆ ಜಾಣ ಗ್ರಾಹಕರಿಗೆ ಗಾಜು ಎನಿಸುತ್ತದೆ. ಮುಖ ಕತ್ತರಿಸದ, ಗುಂಡಗಿನ ಕೆಂಪು ಹರಳಿಗಂತೂ ಒಂದೇ ಬೆಳಕಿನ ಚುಕ್ಕೆ ಸಾಕು.

ಬಿದರಿ ಪದಕಕ್ಕೆ ಈ ಲೆಕ್ಕ ತಿರುಗುಮುರುಗು. ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪಾಗಿಸಿದ ಸತುವಿನ ಮೈಗೆ ಮಂದ ಹೊಳಪು. ಬೆಳ್ಳಿಯ ಕೆತ್ತನೆ ಮಾತ್ರ ಮಿನುಗಬೇಕು. ಎರಡಕ್ಕೂ ಸೇರಿಸಿ ‘ಹೊಳಪು’ ಎಂದರೆ ಕಪ್ಪು ಪ್ಲಾಸ್ಟಿಕ್ಕೇ ಬರುತ್ತದೆ. ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ಹೇಳಿ.

ಇನ್ನು ಹಿನ್ನೆಲೆ. ‘ಕೆಳಗೆ ತಿಳಿ ಬೂದು, ಮೇಲೆ ಹೋದಂತೆ ಗಾಢ ಬೂದು, ಸಣ್ಣ ಗ್ರೇನ್’ ಎಂದರೆ ಸಾಕು. ಗ್ರೇನ್, ಅಂದರೆ ಮರಳಿನಂಥ ಸಣ್ಣ ಚುಕ್ಕೆಗಳು ಇಲ್ಲದಿದ್ದರೆ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆ ಬೂದು ಉಂಗುರದ ಕೆಳಮೈಯಲ್ಲೂ ಪ್ರತಿಫಲಿಸಲಿ, ಇಲ್ಲವಾದರೆ ಉಂಗುರ ಕತ್ತರಿಸಿ ಅಂಟಿಸಿದಂತಿರುತ್ತದೆ. ಉಂಗುರ ಪೂರ್ತಿ ಸ್ಪಷ್ಟವಾಗಿರಬೇಕೆಂದೂ ಕೇಳಬೇಡಿ. ನಿಜವಾದ ಮ್ಯಾಕ್ರೋದಲ್ಲಿ, ಅಂದರೆ ತೀರಾ ಹತ್ತಿರದಿಂದ ತೆಗೆದ ಫೋಟೋದಲ್ಲಿ, ಒಂದೆರಡು ಮಿಲಿಮೀಟರ್ ಆಳ ಮಾತ್ರ ಫೋಕಸ್‌ನಲ್ಲಿರುತ್ತದೆ: ‘ಹರಳು, ಅದನ್ನು ಹಿಡಿದ ಮುಂದಿನ ಹಿಡಿಕೊಕ್ಕೆಗಳು ಸ್ಪಷ್ಟ, ಉಂಗುರದ ಹಿಂದಿನ ಸುತ್ತು ಮಸುಕು.’

ಚಿತ್ರ ಬಂದ ಮೇಲೆ ದೊಡ್ಡದು ಮಾಡಿ ಹಿಡಿಕೊಕ್ಕೆಗಳನ್ನು ಎಣಿಸಿ. ಒಂದು ಕಡೆ ನಾಲ್ಕು, ಪ್ರತಿಬಿಂಬದಲ್ಲಿ ಐದು ಬರುವುದುಂಟು. ಮಾರಾಟದ ಒಡವೆಯಾದರೆ ಅದರ ನಿಜ ಫೋಟೋ ಕೊಟ್ಟು ಹಿನ್ನೆಲೆ, ಬೆಳಕು ಮಾತ್ರ ಬದಲಿಸಿ. ಹರಳಿನ ಬಣ್ಣ ಅಸಲಿಗಿಂತ ಗಾಢವಾಗಿದ್ದರೆ ಆ ಚಿತ್ರವನ್ನು ಗಿರಾಕಿಗೆ ಕಳಿಸಬೇಡಿ.