ಎಸ್‌ಎಆರ್ ಹೂಂ ಅಂದ ನೀರಿಗೆ ಆರ್‌ಎಸ್‌ಸಿ ಬೇಡ ಅಂದಾಗ

ರೈತ ಬಾಂಧವರಿಗೆ ನಮಸ್ಕಾರ. ಒಂದು ಪೆನ್ನು, ಒಂದು ಹಾಳೆ ಹತ್ತಿರ ಇಟ್ಟುಕೊಳ್ಳಿ. ಇವತ್ತು ಸ್ವಲ್ಪ ಲೆಕ್ಕ ಮಾಡೋದಿದೆ.

ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕೊಟ್ಟಿದ್ದೀರಿ, ವರದಿ ಕೈಗೆ ಬಂದಿದೆ ಅಂತಿಟ್ಟುಕೊಳ್ಳೋಣ. ಒಂದು ಲೀಟರ್ ನೀರಿನಲ್ಲಿ ಸೋಡಿಯಂ 184 ಮಿಲಿಗ್ರಾಂ, ಕ್ಯಾಲ್ಸಿಯಂ 20, ಮೆಗ್ನೀಸಿಯಂ 12, ಬೈಕಾರ್ಬೊನೇಟ್ 366 ಅಂತ ಬರೆದಿದ್ದಾರೆ. ಕಾರ್ಬೊನೇಟ್ ಇಲ್ಲ. ನೀರಿನ ಒಟ್ಟು ಉಪ್ಪಿನಂಶ ತೋರಿಸುವ ಇಸಿ ಮೀಟರಿಗೆ 1 ಡೆಸಿಸೀಮೆನ್ಸ್ ಇದೆ. ಬರೆದುಕೊಂಡಿರಾ? ಈ ನೀರನ್ನು ಹೊಲಕ್ಕೆ ಬಿಡಬಹುದಾ, ಬೇಡವಾ ಅನ್ನೋದೇ ಪ್ರಶ್ನೆ. ಅದನ್ನು ತೀರ್ಮಾನಿಸೋಕೆ ಎಸ್‌ಎಆರ್, ಆರ್‌ಎಸ್‌ಸಿ ಅನ್ನೋ ಎರಡು ಲೆಕ್ಕ ಮಾಡೋಣ.

ಲೆಕ್ಕಕ್ಕೆ ಮೊದಲು ಒಂದು ಕೆಲಸ ಇದೆ. ಮಿಲಿಗ್ರಾಂ ಅಂಕಿಗಳನ್ನು ಹಾಗೇ ಸೂತ್ರಕ್ಕೆ ಹಾಕಬಾರದು. ಮಿಲಿಈಕ್ವಿವಲೆಂಟ್‌ಗೆ ತಿರುಗಿಸಿಕೊಳ್ಳಬೇಕು. ಹೆಸರು ದೊಡ್ಡದು, ಕೆಲಸ ಬರೀ ಭಾಗಾಕಾರ. ಸೋಡಿಯಂ ಅನ್ನು 23ರಿಂದ ಭಾಗಿಸಿ, 8 ಬರುತ್ತದೆ. ಕ್ಯಾಲ್ಸಿಯಂ ಅನ್ನು 20ರಿಂದ, ಮೆಗ್ನೀಸಿಯಂ ಅನ್ನು 12ರಿಂದ ಭಾಗಿಸಿ, ಎರಡೂ ಒಂದೊಂದು. ಬೈಕಾರ್ಬೊನೇಟ್ ಅನ್ನು 61ರಿಂದ ಭಾಗಿಸಿದರೆ 6. ಈ ಹೆಜ್ಜೆ ಮರೆತರೆ ಇದೇ ನೀರಿನ ಎಸ್‌ಎಆರ್ 46 ಅಂತ ಬಂದು ಗಾಬರಿ ಹುಟ್ಟಿಸುತ್ತದೆ. ವರದಿ ಸರಿ ಇದೆಯಾ ಅಂತ ನೋಡೋಕೂ ಒಂದು ಸುಲಭದ ದಾರಿ ಇದೆ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರನ್ನೂ ಕೂಡಿಸಿ, 8, 1, 1, ಒಟ್ಟು 10. ಇದು ಇಸಿಯ ಸುಮಾರು ಹತ್ತುಪಟ್ಟು ಇರಬೇಕು. ನಮ್ಮ ಇಸಿ 1, ಅಲ್ಲಿಗೆ ತಾಳೆ ಆಯಿತು. ತೀರಾ ದೂರ ಇದ್ದರೆ ಪರೀಕ್ಷೆಯಲ್ಲೋ ಬರೆಯುವಲ್ಲೋ ಏನೋ ತಪ್ಪಿದೆ.

ಈಗ ಎಸ್‌ಎಆರ್, ಅಂದರೆ ಸೋಡಿಯಂ ಹೀರಿಕೆ ಅನುಪಾತ. ಜೇಡಿಕಣಗಳ ಮೈಮೇಲಿನ ಜಾಗಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಮೂರೂ ಪೈಪೋಟಿ ನಡೆಸುತ್ತವೆ. ಕ್ಯಾಲ್ಸಿಯಂ ಗೆದ್ದರೆ ಕಣಗಳು ಒಂದಕ್ಕೊಂದು ಅಂಟಿ ಮಣ್ಣು ಪುಡಿಪುಡಿಯಾಗಿರುತ್ತದೆ. ಸೋಡಿಯಂ ಗೆದ್ದರೆ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ಸಂದುಗಳನ್ನು ಮುಚ್ಚುತ್ತವೆ, ನೀರು ಇಳಿಯುವುದಿಲ್ಲ. ಲೆಕ್ಕ ಹೀಗೆ: ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡಿಸಿ ಎರಡರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಬಂದದ್ದರಿಂದ ಸೋಡಿಯಂ ಅನ್ನು ಭಾಗಿಸಿ. ನಮ್ಮ ನೀರಿಗೆ ವರ್ಗಮೂಲ 1, ಎಸ್‌ಎಆರ್ 8. ಸಾಮಾನ್ಯವಾಗಿ ಬಳಸುವ ಪಟ್ಟಿಯಲ್ಲಿ 10ಕ್ಕಿಂತ ಕಡಿಮೆ ಇದ್ದರೆ ಸೋಡಿಯಂ ಅಪಾಯ ಕಡಿಮೆ ಅಂತಲೇ ಇದೆ. ಪರವಾಗಿಲ್ಲ ಅನಿಸುತ್ತದೆ, ಅಲ್ವಾ?

ಆರ್‌ಎಸ್‌ಸಿ, ಅಂದರೆ ಉಳಿಕೆ ಸೋಡಿಯಂ ಕಾರ್ಬೊನೇಟ್, ಬೇರೆಯದೇ ಮಾತು ಹೇಳುತ್ತದೆ. ಕಾರ್ಬೊನೇಟ್, ಬೈಕಾರ್ಬೊನೇಟ್ ಕೂಡಿಸಿ, ಅದರಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮೊತ್ತ ಕಳೆಯಿರಿ. 6ರಲ್ಲಿ 2 ಹೋದರೆ 4. ಆರ್‌ಎಸ್‌ಸಿ 1.25ರ ಒಳಗಿದ್ದರೆ ಚಿಂತೆ ಇಲ್ಲ. 2.5ರವರೆಗೆ ಎಚ್ಚರದಿಂದ ಬಳಸಬೇಕು. ಅದನ್ನು ದಾಟಿದರೆ ಹಾಗೇ ಬಳಸಲು ಯೋಗ್ಯವಲ್ಲ. ನಮ್ಮದು 4.

ಒಂದೇ ನೀರು, ಎರಡು ತೀರ್ಪು. ಯಾರನ್ನು ನಂಬೋದು? ನಾನಂತೂ ಇಂಥ ಕಡೆ ಆರ್‌ಎಸ್‌ಸಿ ಪರ. ಯಾಕೆ ಅಂದರೆ ಎಸ್‌ಎಆರ್ ಹೇಳೋದು ಪೈಪಿನಲ್ಲಿರುವ ನೀರಿನ ಕಥೆ. ಹೊಲಕ್ಕೆ ಬಿದ್ದ ಮೇಲೆ ನೀರು ಹಾಗೇ ಉಳಿಯುವುದಿಲ್ಲ. ಬೆಳೆ ನೀರನ್ನು ಕುಡಿಯುತ್ತದೆ, ಉಪ್ಪನ್ನು ಮಣ್ಣಲ್ಲೇ ಬಿಡುತ್ತದೆ. ಮೂರು ಪಾಲಿನಲ್ಲಿ ಎರಡು ಪಾಲು ನೀರು ಹೋಯಿತು ಅಂದುಕೊಳ್ಳಿ. ಆಗ ಸೋಡಿಯಂ 24, ಕ್ಯಾಲ್ಸಿಯಂ 3, ಮೆಗ್ನೀಸಿಯಂ 3 ಆಗುತ್ತದೆ. ಎಲ್ಲವೂ ಸಮನಾಗಿ ಮೂರುಪಟ್ಟಾದರೂ ಎಸ್‌ಎಆರ್ 8ರಲ್ಲೇ ನಿಲ್ಲುವುದಿಲ್ಲ, ಸುಮಾರು 14ಕ್ಕೆ ಏರುತ್ತದೆ. ಸೂತ್ರದಲ್ಲಿರುವ ವರ್ಗಮೂಲದ ಆಟ ಇದು.

ಬೈಕಾರ್ಬೊನೇಟ್ ಇದ್ದಾಗ ಅಲ್ಲಿಗೂ ಮುಗಿಯುವುದಿಲ್ಲ. ಅದು ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಕಲ್ಲಿನಂತೆ ಗಟ್ಟಿಯಾಗಿ ತಳ ಸೇರುತ್ತದೆ. ಹನಿ ನೀರಾವರಿಯ ಡ್ರಿಪ್ಪರ್ ಬಾಯಲ್ಲಿ ಬಿಳಿ ಪುಡಿ ಕಟ್ಟಿಕೊಂಡಿರುವುದನ್ನು ನೋಡಿದ್ದೀರಲ್ಲ, ಅದೇ ಇದು. ಕ್ಯಾಲ್ಸಿಯಂ ಪೂರ್ತಿ ಹೀಗೆ ಹೋಗಿ, ಮೆಗ್ನೀಸಿಯಂ 3 ಮಾತ್ರ ಉಳಿದರೆ ಎಸ್‌ಎಆರ್ 19 ದಾಟುತ್ತದೆ. 8 ಅಂತ ಧೈರ್ಯ ಹೇಳಿದ ನೀರು ಬೇರಿನ ಹತ್ತಿರ ಎರಡುಪಟ್ಟಿಗೂ ಮೇಲಾಯಿತು. ಕ್ಯಾಲ್ಸಿಯಂ ಪೂರ್ತಿ ಹೋಗುತ್ತದೆ ಅನ್ನೋದು ಸ್ವಲ್ಪ ಅತಿ, ಒಪ್ಪುತ್ತೇನೆ. ಮೆಗ್ನೀಸಿಯಂ ಅಷ್ಟು ಸುಲಭವಾಗಿ ತಳ ಸೇರುವುದಿಲ್ಲ, ಆದರೂ ಆರ್‌ಎಸ್‌ಸಿ ಲೆಕ್ಕ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಹಾಗಾಗಿ ಅದು ಅಂದಾಜು. ಆದರೆ ಅಪಾಯ ಯಾವ ದಿಕ್ಕಿನಿಂದ ಬರುತ್ತಿದೆ ಅನ್ನೋದನ್ನು ಸರಿಯಾಗಿಯೇ ತೋರಿಸುತ್ತದೆ.

ಹಾಗಂತ ಆರ್‌ಎಸ್‌ಸಿ ಒಂದನ್ನೇ ನೋಡಿದರೂ ಆಗದು. ಸೋಡಿಯಂ 30, ಕ್ಯಾಲ್ಸಿಯಂ ಮೆಗ್ನೀಸಿಯಂ ಸೇರಿ 6, ಬೈಕಾರ್ಬೊನೇಟ್ 4 ಇರುವ ನೀರಿನ ಆರ್‌ಎಸ್‌ಸಿ ಸೊನ್ನೆಗಿಂತಲೂ ಕೆಳಗೆ. ಎಸ್‌ಎಆರ್ ಮಾತ್ರ 17. ಅದು ಉಪ್ಪು ನೀರು, ಅದರ ದಾರಿಯೇ ಬೇರೆ.

ಹೊಲದಲ್ಲಿ ಇದು ಹೇಗೆ ಕಾಣುತ್ತದೆ? ಮೊದಲು ಬೇಗ ಇಂಗುತ್ತಿದ್ದ ನೀರು ಮಡಿಯಲ್ಲಿ ನಿಲ್ಲತೊಡಗುತ್ತದೆ. ಒದ್ದೆ ಇದ್ದಾಗ ಕಾಲು ಜಾರುವ ಮಣ್ಣು, ಒಣಗಿದರೆ ನೇಗಿಲಿಗೂ ಬಗ್ಗುವುದಿಲ್ಲ. ಮೊಳಕೆ ಹೆಪ್ಪುಗಟ್ಟಿದ ಮೇಲ್ಪದರ ಸೀಳಿ ಬರಲಾರದು. ಮಣ್ಣಿನ ರಸಸಾರ 8.5 ದಾಟಿದ್ದರೆ ಕರಲು ಶುರುವಾಗಿದೆ ಅಂತಲೇ ತಿಳಿಯಿರಿ. ಜೇಡಿ ಜಾಸ್ತಿ ಇರುವ ಮಣ್ಣಿನಲ್ಲಿ ಇದು ಬೇಗ, ಮರಳು ಮಣ್ಣಿನಲ್ಲಿ ನಿಧಾನ.

ನಮ್ಮ ನೀರಿಗೆ ಮದ್ದು ಜಿಪ್ಸಮ್. ಆರ್‌ಎಸ್‌ಸಿಯನ್ನು 4ರಿಂದ 1.5ಕ್ಕೆ ಇಳಿಸೋಣ, ಅಂದರೆ 2.5ರಷ್ಟು ಕ್ಯಾಲ್ಸಿಯಂ ಸೇರಿಸಬೇಕು. ಒಂದಕ್ಕೆ ಲೀಟರಿಗೆ 86 ಮಿಲಿಗ್ರಾಂ ಶುದ್ಧ ಜಿಪ್ಸಮ್, ಎರಡೂವರೆಗೆ 215. ಒಂದು ಹೆಕ್ಟೇರಿಗೆ 5 ಸೆಂಟಿಮೀಟರ್ ನೀರು ಕಟ್ಟಿದರೆ 5 ಲಕ್ಷ ಲೀಟರ್ ಆಗುತ್ತದೆ. ಅದಕ್ಕೆ ಸುಮಾರು 108 ಕಿಲೋ. ಸಿಗುವ ಜಿಪ್ಸಮ್ 70 ಶೇಕಡಾ ಶುದ್ಧ ಇದ್ದರೆ 154 ಕಿಲೋ. ಇದು ಒಂದು ಸಲ ನೀರು ಕಟ್ಟುವುದಕ್ಕೆ. ಎಷ್ಟು ಸಲ ಕಟ್ಟುತ್ತೀರೋ ಅಷ್ಟರಿಂದ ಗುಣಿಸಿ. ಕ್ಯಾಲ್ಸಿಯಂ 1 ಇದ್ದದ್ದು ಈಗ ಮೂರೂವರೆ. ಎಸ್‌ಎಆರ್ ಕೂಡ 8ರಿಂದ ಸುಮಾರು 5.3ಕ್ಕೆ ಇಳಿಯುತ್ತದೆ.

ಪುಡಿ ಮಾಡಿ ಮಣ್ಣಿಗೆ ಸೇರಿಸಬಹುದು. ಇಲ್ಲವೇ ಪಂಪಿನ ನೀರನ್ನು ಜಿಪ್ಸಮ್ ಗಟ್ಟಿಗಳು ತುಂಬಿದ ತೊಟ್ಟಿಯ ಮೂಲಕ ಹಾಯಿಸಬಹುದು. ಹಾಯಿಸಿದ ಮೇಲೆ ನೀರನ್ನು ಮತ್ತೆ ಪರೀಕ್ಷೆ ಮಾಡಿಸಿ. ತೊಟ್ಟಿ ಚಿಕ್ಕದಾಗಿ ನೀರು ರಭಸದಿಂದ ಹೋದರೆ ಜಿಪ್ಸಮ್ ಕರಗೋಕೆ ಸಮಯವೇ ಇರುವುದಿಲ್ಲ. ಜಿಪ್ಸಮ್ ಬದಲು ಸುಣ್ಣ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗಲ್ಲ. ಕರಲು ಮಣ್ಣಿನಲ್ಲಿ ಸುಣ್ಣದಕಲ್ಲಿನ ಪುಡಿ ಕರಗುವುದೇ ಇಲ್ಲ, ಸುಟ್ಟ ಸುಣ್ಣ ರಸಸಾರವನ್ನು ಇನ್ನೂ ಏರಿಸುತ್ತದೆ.

ಕೊನೆಗೆ ನೀರಿನ ಮಾದರಿ ತೆಗೆಯುವ ವಿಷಯ. ಪಂಪು ಸ್ವಲ್ಪ ಹೊತ್ತು ಓಡಲಿ, ಪೈಪಿನಲ್ಲಿ ನಿಂತ ಹಳೇ ನೀರು ಹೋಗಲಿ. ಬಾಟಲಿಯನ್ನು ಅದೇ ನೀರಿನಿಂದ ತೊಳೆದು, ಗಾಳಿ ಉಳಿಯದಂತೆ ಕಂಠಮಟ್ಟ ತುಂಬಿ ಮುಚ್ಚಿ, ಬೇಗ ತಲುಪಿಸಿ. ಬಿಸಿಲಲ್ಲಿ ಸುಮ್ನೆ ದಿನಗಟ್ಟಲೆ ಬಿಟ್ಟರೆ ಬಾಟಲಿಯ ತಳದಲ್ಲೇ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಕೂರುತ್ತದೆ, ಬೈಕಾರ್ಬೊನೇಟ್ ಅಂಕಿಯೂ ಕೆಳಗಿಳಿಯುತ್ತದೆ. ಆಮೇಲೆ ಬರುವ ವರದಿ ಆ ಬಾಟಲಿಯದ್ದೇ ಹೊರತು ನಿಮ್ಮ ಬಾವಿಯದ್ದಲ್ಲ. ನಮಸ್ಕಾರ.