ಬಾಟಲಿಯ ಬೆನ್ನಲ್ಲಿ ಮೂರು ಡೈಮಂಡ್

ಎಲ್ಲರಿಗೂ ನಮಸ್ಕಾರ.

ಹೋದ ಕಕ್ಕಡ ತಿಂಗಳಲ್ಲಿ, ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ, ನನ್ನ ಫೋನಿಗೆ ಒಂದು ಫೋಟೋ ಬಂತು. ಕಳಿಸಿದವಳು ನನ್ನ ಹಳೇ ವಿದ್ಯಾರ್ಥಿನಿ. ಈಗ ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುತ್ತಾಳೆ. ಫೋಟೋದಲ್ಲಿ ಇದ್ದದ್ದು ಬ್ಲೀಚ್ ಇರುವ ಕ್ಲೀನರ್‌ನ ಒಂದು ಲೀಟರ್ ಬಾಟಲಿ. ಕೆಳಗೆ ಬರೆದಿದ್ದಳು: "ಸರ್, ಬಾತ್‌ರೂಮ್ ಗೋಡೆಗೆಲ್ಲ ಕಪ್ಪು ಬೂಷ್ಟು ಹಿಡಿದಿದೆ. ಇದನ್ನ ಹಾಕಬಹುದಾ? ಹಿಂದೆ ಮೂರು ಕೆಂಪು ಡೈಮಂಡ್ ಇದೆ. ತೋಟದ ಔಷಧಿ ಥರ ಭಾರಿ ವಿಷಾನಾ?"

ಕೊಡಗಿನವರಿಗೆ ಈ ಅನುಮಾನ ಬರುವುದು ಸಹಜ. ಕಾಫಿ ತೋಟಕ್ಕೆ ತರುವ ಕೀಟನಾಶಕದ ಡಬ್ಬಿಯ ಮೇಲೂ ಒಂದು ಡೈಮಂಡ್ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪಾದರೆ ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಅಲ್ಲಿ ಬಣ್ಣವೇ ವಿಷದ ಅಳತೆ. ಕ್ಲೀನರ್ ಬಾಟಲಿಯ ಲೆಕ್ಕ ಬೇರೆ. ಇದು ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಪದ್ಧತಿ. ಒಟ್ಟು ಒಂಬತ್ತು ಚಿತ್ರಗಳಿವೆ. ಒಂಬತ್ತಕ್ಕೂ ಅಂಚು ಕೆಂಪು, ಒಳಗೆ ಬಿಳಿ, ಚಿತ್ರ ಕಪ್ಪು. ಕೆಂಪು ಅಂಚು ನೋಡಿ ಎಷ್ಟು ಅಪಾಯ ಅಂತ ಹೇಳಲು ಆಗುವುದಿಲ್ಲ. ಎಂಥ ಅಪಾಯ ಅನ್ನುವುದನ್ನು ಒಳಗಿನ ಚಿತ್ರ ಹೇಳುತ್ತದೆ. ಎಷ್ಟು ಅನ್ನುವುದಕ್ಕೆ ಪಕ್ಕದಲ್ಲೇ ಒಂದು ಪದ ಇರುತ್ತದೆ, 'ಡೇಂಜರ್' ಅಥವಾ 'ವಾರ್ನಿಂಗ್'. ಡೇಂಜರ್ ಅಂದರೆ ಜಾಸ್ತಿ, ವಾರ್ನಿಂಗ್ ಅಂದರೆ ಅದಕ್ಕಿಂತ ಕಡಿಮೆ.

ಅವಳ ಫೋಟೋದಲ್ಲಿ ಆ ಪದವೇ ಕಾಣುತ್ತಿರಲಿಲ್ಲ. ಅಂಗಡಿಯವರು ಅದರ ಮೇಲೇ ರೇಟಿನ ಚೀಟಿ ಅಂಟಿಸಿದ್ದರು. "ಚೀಟಿ ಕಿತ್ತು, ಚಿತ್ರದ ಕೆಳಗಿನ ಸಣ್ಣ ಅಕ್ಷರವೂ ಬರುವ ಹಾಗೆ ಇನ್ನೊಂದು ತೆಗಿಯಮ್ಮ" ಅಂದೆ. ಕಳಿಸಿದಳು. ಡೇಂಜರ್ ಅಂತ ಇತ್ತು.

ಮೊದಲನೇ ಚಿತ್ರ: ಎರಡು ಗಾಜಿನ ನಳಿಕೆಗಳಿಂದ ಏನೋ ತೊಟ್ಟಿಕ್ಕುತ್ತಿದೆ. ಒಂದರ ಕೆಳಗೆ ಕೈ, ಇನ್ನೊಂದರ ಕೆಳಗೆ ಲೋಹದ ಪಟ್ಟಿ. ಎರಡೂ ಕರಗುತ್ತಿವೆ. ಕೈ ಎಲ್ಲರಿಗೂ ಕಾಣುತ್ತದೆ, ಲೋಹವನ್ನು ಯಾರೂ ಗಮನಿಸುವುದಿಲ್ಲ. ನಾನೇ ಗಮನಿಸಿರಲಿಲ್ಲ. ಒಮ್ಮೆ ಬ್ಲೀಚ್ ನೀರನ್ನು ಸ್ಟೀಲ್ ಬಕೆಟ್‌ನಲ್ಲಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕಿಗಳು. ಹೊಸ ಬಕೆಟ್ ಬೇರೆ. ಮನೆಯವಳ ಹತ್ತಿರ ಎಷ್ಟು ಬೈಸಿಕೊಂಡೆ ಅಂತ ಇಲ್ಲಿ ಹೇಳುವುದು ಬೇಡ. ಪ್ಲಾಸ್ಟಿಕ್ ಬಕೆಟ್ಟೇ ಸರಿ. ನಲ್ಲಿ, ಟವೆಲ್ ಹಾಕುವ ಸ್ಟೀಲ್ ಸರಳಿಗೆ ಬಿದ್ದರೆ ಆಗಲೇ ನೀರು ಹಾಕಿ ತೊಳೆಯಬೇಕು.

ಇನ್ನು ಕೈ. ಬ್ಲೀಚ್ ತಾಗಿದರೆ ಬೆರಳು ಸೋಪು ಹಚ್ಚಿದ ಹಾಗೆ ಜಾರುತ್ತದೆ. ಬಾಟಲಿಯಲ್ಲಿ ಸೋಪು ಸೇರಿರಬಹುದು ಅಂತ ತುಂಬ ಜನ ಸುಮ್ನೆ ಇರುತ್ತಾರೆ. ಆದರೆ ಅದರ ಕ್ಷಾರ ನಿಮ್ಮ ಚರ್ಮದ ಕೊಬ್ಬನ್ನೇ ಸೋಪು ಮಾಡುತ್ತಿರುತ್ತದೆ. ಆಸಿಡ್ ತಾಗಿದರೆ ತಕ್ಷಣ ಉರಿ ಗೊತ್ತಾಗುತ್ತದೆ. ಕ್ಷಾರದಲ್ಲಿ ನೋವು ತಡವಾಗಿ ಬರಬಹುದು. ಹಾಗಾಗಿ ಉರಿಯಲಿ ಬಿಡಲಿ, ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಹಿಡಿಯಬೇಕು.

ಕಣ್ಣಿಗೆ ಬಿದ್ದರೂ ಅಷ್ಟೇ ಹೊತ್ತು. ರೆಪ್ಪೆ ಬಿಡಿಸಿ, ಮೂಗಿನ ಕಡೆಯಿಂದ ಹೊರಗಡೆಗೆ ನೀರು ಹರಿಯಬೇಕು, ಇನ್ನೊಂದು ಕಣ್ಣಿಗೆ ಹೋಗಬಾರದು. ತೊಳೆದ ಮೇಲೆ ಆಸ್ಪತ್ರೆ. ತೊಳೆಯದೆ ಮೊದಲು ಜೀಪು ಹತ್ತಿಸಬೇಡಿ. ನಮ್ಮ ರಸ್ತೆಯಲ್ಲಿ ಮಡಿಕೇರಿ ಸೇರುವಷ್ಟರಲ್ಲಿ ಕ್ಷಾರ ಕಣ್ಣಿನ ಒಳಕ್ಕೆ ಇಳಿದಿರುತ್ತದೆ.

ಗೋಡೆ ಉಜ್ಜುವಾಗ ಒಂದು ಕಿರಿಕಿರಿ ಇದೆ, ಲೇಬಲ್‌ನಲ್ಲಿ ಬರೆದಿರುವುದಿಲ್ಲ. ಕೈ ಮೇಲೆತ್ತಿದಾಗ ನೀರು ಗ್ಲೌಸಿನ ಹೊರಮೈಯಲ್ಲಿ ಇಳಿದು ಮೊಣಕೈಗೆ ಬರುತ್ತದೆ. ಉದ್ದನೆಯ ರಬ್ಬರ್ ಗ್ಲೌಸ್ ಹಾಕಿ, ಬಾಯಿಯನ್ನು ಒಂದು ಇಂಚು ಹೊರಕ್ಕೆ ಮಡಚಿ. ಇಳಿದ ನೀರು ಆ ಮಡಿಕೆಯಲ್ಲೇ ನಿಲ್ಲುತ್ತದೆ. ಕಣ್ಣಿಗೆ ಪಕ್ಕಗಳೂ ಮುಚ್ಚುವ ಗಾಗಲ್ಸ್ ಬೇಕು. ಓದುವ ಕನ್ನಡಕ ಸಾಲದು.

ಎರಡನೇ ಚಿತ್ರ ಬರೀ ಆಶ್ಚರ್ಯಸೂಚಕ ಚಿಹ್ನೆ. "ಇದು ಜಾಗ್ರತೆ ಅಂತ ತಾನೆ ಸರ್?" ಅಂದಳು. ಅಷ್ಟೇ ಅಲ್ಲ. ಚರ್ಮ, ಕಣ್ಣಿನ ವಿಚಾರವನ್ನು ಕರಗುವ ಕೈ ಆಗಲೇ ಹೇಳಿದ್ದರೆ, ಅದೇ ಸಂಗತಿಗೆ ಈ ಚಿಹ್ನೆಯನ್ನು ಮತ್ತೆ ಹಾಕುವಂತಿಲ್ಲ ಅಂತ ನಿಯಮವೇ ಇದೆ. ಅಂದರೆ ಇದು ಬೇರೆ ಏನನ್ನೋ ಹೇಳುತ್ತಿದೆ. ಸಣ್ಣ ಅಕ್ಷರ ಓದಿಸಿದೆ. ಉಸಿರಾಟಕ್ಕೆ ತೊಂದರೆ ಕೊಡಬಹುದು ಅಂತ ಇತ್ತು. ನಮ್ಮ ಊರಿನ ಮಳೆಗಾಲದಲ್ಲಿ ಪೆಟ್ಟು ಬೀಳುವುದು ಇಲ್ಲೇ. ಚಳಿ, ಇರಚಲು ಅಂತ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಬಿಸಿನೀರಿಗೆ ಬ್ಲೀಚ್ ಸುರಿಯುತ್ತೇವೆ. ಬಿಸಿಗೆ ಘಾಟು ಜಾಸ್ತಿ ಏಳುತ್ತದೆ, ಬ್ಲೀಚಿನ ಶಕ್ತಿಯೂ ಹೋಗುತ್ತದೆ. ತಣ್ಣೀರೇ ಹಾಕಿ. ಕಿಟಕಿ ತೆರೆದಿರಲಿ, ಎರಡು ಹನಿ ಮಳೆ ಒಳಗೆ ಬಂದರೆ ಬರಲಿ. ಸ್ಪ್ರೇ ಮಾಡಬೇಡಿ, ಆ ಸಣ್ಣ ಹನಿಗಳು ನೇರ ಮೂಗಿಗೆ ಹೋಗುತ್ತವೆ. ಸ್ಪಂಜಿನಲ್ಲಿ ಹಚ್ಚಿ.

ಮೂರನೆಯದು ಒಣಗಿದ ಮರ, ಸತ್ತ ಮೀನು. ಇದು ನೀರಿನ ಜೀವಗಳಿಗೆ ವಿಷ ಅಂತ. ಉಳಿದದ್ದನ್ನು ತೋಡಿಗೆ ಚೆಲ್ಲಬಾರದು, ಬಾಟಲಿಯನ್ನೂ ಅಲ್ಲಿ ತೊಳೆಯಬಾರದು. ಬಚ್ಚಲಿನಿಂದ ಸೆಪ್ಟಿಕ್ ಟ್ಯಾಂಕಿಗೆ ಜಾಸ್ತಿ ಹೋದರೆ ಅಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಎಷ್ಟು ಬೇಕೋ ಅಷ್ಟೇ ಕಲಸಿ.

ಇಷ್ಟು ಹೇಳಿ ಮುಗಿಸುವವನಿದ್ದೆ. ಮತ್ತೆ ಮೊದಲನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಬ್ಲೀಚ್ ಬಾಟಲಿಯ ಹಿಂದೆ, ಅದೇ ಶೆಲ್ಫಿನಲ್ಲಿ, ಟಾಯ್ಲೆಟ್ ತೊಳೆಯುವ ಆಸಿಡ್ ಇತ್ತು. ಅದರ ಪಕ್ಕದಲ್ಲಿ ಅಡುಗೆಗೆ ಹಾಕುವ ಹುಳಿ, ಕಾಚಂಪುಳಿಯ ಹಳೇ ಬಾಟಲಿ. ಅದರಲ್ಲಿ ತೆಳು ಹಳದಿ ಬಣ್ಣದ ಏನೋ. ಕಾಚಂಪುಳಿ ಕಪ್ಪಗಿರುತ್ತದೆ, ಅಲ್ವಾ? ಕೇಳಿದರೆ, ಕೆಲಸಕ್ಕೆ ಬರುವ ಅಕ್ಕ ಬ್ಲೀಚನ್ನೇ ಸ್ವಲ್ಪ ಅದಕ್ಕೆ ಬಗ್ಗಿಸಿ ಇಟ್ಟಿದ್ದರಂತೆ. ಬಾಟಲಿ ಬದಲಾದರೆ ಡೈಮಂಡೂ ಹೋಯಿತು. ಯಾರಾದರೂ ಗೊತ್ತಿಲ್ಲದೆ ಕುಡಿದರೆ ವಾಂತಿ ಮಾಡಿಸಬಾರದು, ಇಳಿಯುವಾಗ ಸುಟ್ಟದ್ದು ಹತ್ತುವಾಗ ಮತ್ತೆ ಸುಡುತ್ತದೆ. ಬಾಯಿ ಮುಕ್ಕಳಿಸಿ, ಮೂಲ ಬಾಟಲಿ ಹಿಡಿದು ಆಸ್ಪತ್ರೆಗೆ ಓಡಬೇಕು.

ಬ್ಲೀಚ್, ಆಸಿಡ್ ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಒಂಬತ್ತು ಚಿತ್ರಗಳಲ್ಲಿ ಒಂದಾದರೂ "ಇದರ ಜೊತೆ ಅದನ್ನು ಬೆರೆಸಬೇಡ" ಅಂತ ತೋರಿಸುವುದಿಲ್ಲ. ಅದು ಸಣ್ಣ ಅಕ್ಷರದಲ್ಲಿ ಮಾತ್ರ. ಇವಳ ಬಾಟಲಿಯಲ್ಲೂ ಕೊನೇ ಸಾಲಿನಲ್ಲಿತ್ತು. ಒಂದೇ ದಿನ ಕಮೋಡಿಗೆ ಆಸಿಡ್, ಗೋಡೆಗೆ ಬ್ಲೀಚ್ ಹಾಕಿದರೂ ನೀರು ಸೇರುವುದು ಒಂದೇ ನೆಲದಲ್ಲಿ. ತೀಕ್ಷ್ಣ ಘಾಟು, ಕಣ್ಣುರಿ, ನಿಲ್ಲದ ಕೆಮ್ಮು ಬಂದರೆ ತೊಳೆಯಲು ನಿಲ್ಲಬೇಡಿ, ಹೊರಗೆ ಬನ್ನಿ. ಈ ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರ ಉಳಿಯುತ್ತದೆ. ಕೂತು ಉಜ್ಜುತ್ತಿದ್ದವರಿಗೇ ಮೊದಲು ತಾಗುತ್ತದೆ. ಆಮೇಲೆ ಹುಷಾರಾದ ಹಾಗೆ ಕಂಡರೂ ಕೆಲವು ಗಂಟೆ ಕಳೆದು ಉಸಿರು ಕಟ್ಟಬಹುದು, ಡಾಕ್ಟರಿಗೆ ತೋರಿಸಲೇಬೇಕು.

ಮಾರನೇ ದಿನ ಇನ್ನೊಂದು ಫೋಟೋ ಬಂತು. ಆಸಿಡ್ ಹೊರಗಿನ ಕಟ್ಟಿಗೆ ಕೊಟ್ಟಿಗೆಗೆ ಹೋಗಿತ್ತು. ಬ್ಲೀಚ್ ಒಂದೇ ಮೇಲಿನ ಶೆಲ್ಫಿನಲ್ಲಿ, ಡೈಮಂಡ್ ಇರುವ ಬೆನ್ನು ಮುಂದಕ್ಕೆ ತಿರುಗಿಸಿ ಇಟ್ಟಿದ್ದಳು.