ಫಿಟ್ ಹೌದೋ ಅಲ್ಲವೋ ಅಷ್ಟೇ ಕೇಳಿ, ರಿಪೋರ್ಟ್ ಕೇಳಬೇಡಿ

ಕೊನೆಯ ಬಾರಿ ಮುಟ್ಟಾದದ್ದು ಯಾವ ದಿನ? ಮುಟ್ಟು ಕ್ರಮವಾಗಿ, ನೋವಿಲ್ಲದೆ ಆಗುತ್ತದೆಯೇ? ಎಷ್ಟು ಸಲ ಬಸಿರು ನಿಂತಿದೆ? ಅದರಲ್ಲಿ ದಿನ ತುಂಬಿ ಹೆತ್ತದ್ದೆಷ್ಟು? ಗರ್ಭಪಾತ ಆಗಿದೆಯೇ?

ಹೆರಿಗೆ ಆಸ್ಪತ್ರೆಯ ಕೇಸ್ ಶೀಟಲ್ಲ ಇದು. 1989ರಲ್ಲಿ ಎಲ್‌ಐಸಿಯಲ್ಲಿ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ತುಂಬಿ ಸಹಿ ಹಾಕಬೇಕಿದ್ದ ಘೋಷಣಾ ಪತ್ರದ ಕಾಲಂಗಳು. ಆ ವರ್ಷ ಅದನ್ನು ತುಂಬಿದ ಒಬ್ಬರನ್ನು ನಿಗಮದ ಡಾಕ್ಟರೇ ನೋಡಿ ಫಿಟ್ ಎಂದು ಬರೆದುಕೊಟ್ಟರು. ಸೆಪ್ಟೆಂಬರಿನಲ್ಲಿ ಅವರು ಪ್ರೊಬೇಷನ್ ಮೇಲೆ ಕೆಲಸಕ್ಕೆ ಸೇರಿದರು, ಹೆರಿಗೆ ರಜೆ ಕೇಳಿದರು, 1990ರ ಜನವರಿಯಲ್ಲಿ ಮಗು ಹುಟ್ಟಿತು. ಫೆಬ್ರವರಿಯಲ್ಲಿ ಕೆಲಸ ಹೋಯಿತು. ಮುಟ್ಟಿನ ತಾರೀಖನ್ನು ಸುಳ್ಳು ಬರೆದಿದ್ದಾರೆ ಎಂಬುದು ನಿಗಮದ ವಾದ.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಪೀಠದಲ್ಲಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ಕೆ. ಜಗನ್ನಾಥ ಶೆಟ್ಟಿ, ಜೊತೆಗೆ ಯೋಗೇಶ್ವರ್ ದಯಾಳ್. 1991ರ ಅಕ್ಟೋಬರ್ 31ರಂದು ಅವರು ಬರೆದದ್ದನ್ನು ಗಮನಿಸಿ. ಆಕೆ ಸುಳ್ಳು ಹೇಳಿದರೋ ಇಲ್ಲವೋ ಎನ್ನುವುದರ ಸುತ್ತ ಅವರು ತಿರುಗಲಿಲ್ಲ. ತಪ್ಪು ಇರುವುದೇ ಆ ಪ್ರಶ್ನೆಗಳಲ್ಲಿ, ಅವಮಾನ ಎನ್ನದಿದ್ದರೂ ಅವು ಮುಜುಗರವಂತೂ ಹೌದು ಎಂದರು. ಆ ಕಾಲಂಗಳನ್ನು ತೆಗೆದುಹಾಕಿ ಎಂದು ನಿಗಮಕ್ಕೆ ಹೇಳಿ, ಆಕೆಯನ್ನು ಮತ್ತೆ ಕೆಲಸಕ್ಕೆ ಸೇರಿಸಿದರು.

ಅದಾಗಿ ಮೂವತ್ತು ವರ್ಷ ಕಳೆದ ಮೇಲೆ ಸ್ಟೇಟ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಆಯ್ಕೆಯಾದ ಮಹಿಳೆಗೆ ಮೂರು ತಿಂಗಳು ಮೀರಿದ ಬಸಿರಿದ್ದರೆ ಆಕೆ 'ತಾತ್ಕಾಲಿಕವಾಗಿ ಅನ್‌ಫಿಟ್', ಹೆರಿಗೆಯಾಗಿ ನಾಲ್ಕು ತಿಂಗಳೊಳಗೆ ಬಂದು ಸೇರಿಕೊಳ್ಳಬಹುದು ಎಂದು. ಗಲಾಟೆಯಾಯಿತು, ದೆಹಲಿ ಮಹಿಳಾ ಆಯೋಗ ನೋಟಿಸ್ ಕೊಟ್ಟಿತು, 2022ರ ಜನವರಿ ಕೊನೆಗೆ ಬ್ಯಾಂಕ್ ಅದನ್ನು ವಾಪಸ್ ಪಡೆಯಿತು. ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಕೆಲಸಕ್ಕೂ ನಾಲ್ಕನೇ ತಿಂಗಳ ಬಸಿರಿಗೂ ಏನು ಸಂಬಂಧ? ಸಂಬಂಧ ಇದ್ದದ್ದು ರಜೆಯ ಖರ್ಚಿಗೆ. ಅದನ್ನು ಬಾಯಿಬಿಟ್ಟು ಹೇಳಲಾಗದೆ ಡಾಕ್ಟರ ಭಾಷೆಯಲ್ಲಿ ಹೇಳಿದರು ಎಂಬುದು ನನ್ನ ಅಭಿಪ್ರಾಯ.

ನನ್ನ ವಾದ ಇಷ್ಟೇ. ಮೆಡಿಕಲ್ ಟೆಸ್ಟ್ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಈ ವ್ಯಕ್ತಿ ಈ ಕೆಲಸವನ್ನು ಅಪಾಯವಿಲ್ಲದೆ ಮಾಡಬಲ್ಲರೇ? ಕಂಪನಿಗೆ ಸಿಗಬೇಕಾದದ್ದು ಆ ಉತ್ತರ ಮಾತ್ರ. ಫಿಟ್, ಇಂಥ ನಿರ್ಬಂಧದೊಂದಿಗೆ ಫಿಟ್, ಅಥವಾ ಈ ಕೆಲಸಕ್ಕೆ ಅನ್‌ಫಿಟ್. ರಕ್ತದ ಅಂಕಿಗಳು, ಎಕ್ಸ್‌ರೇ, ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇತ್ತೇ ಎಂಬ ವಿವರ ಡಾಕ್ಟರ ಹತ್ತಿರ ಉಳಿಯಬೇಕು.

ಇದು ಆಗದ ಮಾತೇನಲ್ಲ. ಹೋಟೆಲಿನ ಅಡುಗೆಯವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ವರ್ಷಕ್ಕೊಮ್ಮೆ ಕೇಳುವ ಫಿಟ್ನೆಸ್ ಸರ್ಟಿಫಿಕೇಟ್ ನೋಡಿ. ದೇಹ ತಪಾಸಣೆ, ಕಣ್ಣು, ಚರ್ಮ, ಟೈಫಾಯ್ಡ್‌ನಂಥ ಕರುಳಿನ ಸೋಂಕುಗಳಿಗೆ ಲಸಿಕೆ. ಪರೀಕ್ಷಿಸಿದ ಡಾಕ್ಟರಿಗೆ ಯಾವುದಾದರೂ ಅಂಟುರೋಗದ ಅನುಮಾನ ಬಂದರೆ ಮಾತ್ರ ಅದಕ್ಕೆ ಬೇಕಾದ ಟೆಸ್ಟ್. ಕೊನೆಗೆ ಈ ವ್ಯಕ್ತಿಗೆ ಅಂಟುರೋಗವಿಲ್ಲ, ಕೆಲಸಕ್ಕೆ ಯೋಗ್ಯ ಎಂದು ಡಾಕ್ಟರ ಸಹಿ. ಎಲ್ಲ ಒಂದೇ ಪುಟ. ಸಾಂಬಾರು ಬಡಿಸುವವರಿಂದ ರೋಗ ಹರಡಬಾರದು ಎನ್ನುವ ಉದ್ದೇಶಕ್ಕೆ ತಕ್ಕಷ್ಟೇ ಪರೀಕ್ಷೆ.

ಈಗ ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಬನ್ನಿ. ಉದಾಹರಣೆಗೆ ಅಂತಲೇ ಇಟ್ಟುಕೊಳ್ಳಿ, ಇಪ್ಪತ್ತೆಂಟರ ಒಬ್ಬ ಹೆಣ್ಣುಮಗಳಿಗೆ ಆಫರ್ ಲೆಟರ್ ಬಂದಿದೆ. ಅದರ ಕೊನೆಯಲ್ಲಿ 'ಮೆಡಿಕಲ್ ತಪಾಸಣೆಗೆ ಒಳಪಟ್ಟು' ಎಂಬ ಸಾಲು. ಲ್ಯಾಬಿಗೆ ಹೋದರೆ ಪ್ಯಾಕೇಜು ಸಿದ್ಧವಾಗಿದೆ: ರಕ್ತ, ಸಕ್ಕರೆ, ಕೊಬ್ಬು, ಮೂತ್ರ, ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ, ಎಚ್‌ಐವಿ, ಬಸಿರಿನ ಪರೀಕ್ಷೆ. ರಿಪೋರ್ಟ್ ಇಮೇಲಿನಲ್ಲಿ ನೇರ ಎಚ್‌ಆರ್‌ಗೆ ಹೋಗುತ್ತದೆ. ಆಕೆಗೆ ಒಂದು ಪ್ರತಿ ಕೂಡ ಸಿಗದಿರಬಹುದು.

ಒಂದೊಂದಾಗಿ ನೋಡೋಣ. ಹೆಪಟೈಟಿಸ್ ಬಿ ರಕ್ತದಿಂದ, ದೇಹದ ದ್ರವಗಳಿಂದ ಹರಡುವ ಸೋಂಕು. ಲೆಕ್ಕ ಬರೆಯುವ ಕೆಲಸದಲ್ಲಿ ಅದಕ್ಕೆ ದಾರಿಯೇ ಇಲ್ಲ, ಆದ್ದರಿಂದ ಟೆಸ್ಟಿಗೆ ಕಾರಣವೂ ಇಲ್ಲ. ಸಕ್ಕರೆಯದು ಬೇರೆ ತೊಂದರೆ. ಖಾಲಿ ಹೊಟ್ಟೆಯಲ್ಲಿ 126ರ ಗೆರೆ ದಾಟಿದರೆ ಡಯಾಬಿಟಿಸ್ ಅನ್ನುತ್ತಾರೆ, ಆದರೆ ಲಕ್ಷಣಗಳಿಲ್ಲದವರಲ್ಲಿ ಒಂದೇ ರಿಪೋರ್ಟ್ ನೋಡಿ ಹಾಗನ್ನುವುದಿಲ್ಲ, ಮತ್ತೊಂದು ಪರೀಕ್ಷೆಯಲ್ಲೂ ಕಾಣಬೇಕು. ಆಕೆಗೆ 131 ಬಂತು ಎನ್ನಿ. ಡಾಕ್ಟರಾದವರು ಇನ್ನೊಮ್ಮೆ ಮಾಡಿಸಿ ಎನ್ನುತ್ತಾರೆ. ಎಚ್‌ಆರ್‌ನವರಿಗೆ ಕಾಣುವುದು ಕೆಂಪು ಅಕ್ಷರದಲ್ಲಿ ಅಚ್ಚಾದ ಅಂಕಿ ಮಾತ್ರ. ಬಿಪಿಯದೂ ಅದೇ ಕಥೆ. ಬೆನ್ನಿಗೆ ಆಸರೆಯಿಟ್ಟು ಐದು ನಿಮಿಷ ಸುಮ್ಮನೆ ಕೂರಿಸಿ, ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕಾದ್ದನ್ನು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಹಸಿದುಕೊಂಡು ಓಡಿಬಂದವರಿಗೆ ನಿಂತ ಮೆಟ್ಟಿಗೆ ನೋಡಿ ಬರೆದುಬಿಡುತ್ತಾರೆ. ಅಲ್ಲದೆ ಬಿಪಿ ಇದ್ದವರು ಲೆಕ್ಕ ಬರೆಯಬಾರದೇ? ಹಾಗಾದರೆ ಅರ್ಧ ಆಡಿಟರುಗಳು ಮನೆಗೆ ಹೋಗಬೇಕಾಗುತ್ತದೆ.

ಎಕ್ಸ್‌ರೇಯಲ್ಲಿ ಒಂದು ಸೂಕ್ಷ್ಮ ಇದೆ. ಬಸಿರಾಗಿರುವ ಸಾಧ್ಯತೆ ಇದೆಯಾ, ಕೊನೆಯ ಮುಟ್ಟು ಯಾವಾಗ ಎಂದು ಟೆಕ್ನಿಷಿಯನ್ ಕೇಳಿದರೆ ಅದು ಸರಿಯಾದ ಪ್ರಶ್ನೆ. ಹೊಟ್ಟೆಯಲ್ಲಿರುವ ಕೂಸಿನ ಮೇಲೆ ವಿಕಿರಣ ಬೀಳಬಾರದು, ಅದಕ್ಕೆ. ಅವರಿಗೆ ನಿಜ ಹೇಳಿ. ಆದರೆ ಆ ಉತ್ತರ ಲ್ಯಾಬಿನ ಕೋಣೆ ದಾಟಿ ಕಂಪನಿಗೆ ಹೋಗುವ ಹಾಳೆಯ ಮೇಲೆ ಕೂತರೆ, ಅದು ಎಲ್‌ಐಸಿಯ ಹಳೇ ಕಾಲಮ್ಮೇ. ಪ್ಯಾಕೇಜಿನ ಬಸಿರಿನ ಪರೀಕ್ಷೆಗೂ ಇದೇ ಮಾತು.

ಎಚ್‌ಐವಿಯ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ ಕೊಡಲು ಎಚ್‌ಐವಿ ಟೆಸ್ಟ್ ಮಾಡಿಸಬೇಕು ಎಂಬ ಷರತ್ತನ್ನೇ ಅದರ 3ನೇ ಸೆಕ್ಷನ್ ತಾರತಮ್ಯ ಎಂದು ನಿಷೇಧಿಸುತ್ತದೆ. ಖಾಸಗಿ ಕಂಪನಿಗೂ ಇದು ಅನ್ವಯ. 5ನೇ ಸೆಕ್ಷನ್ ಪ್ರಕಾರ ತಿಳಿವಳಿಕೆ ಕೊಟ್ಟು ಪಡೆದ ಒಪ್ಪಿಗೆ ಬೇಕು, ಟೆಸ್ಟಿಗೆ ಮೊದಲು ಮತ್ತು ನಂತರ ಕೌನ್ಸೆಲಿಂಗ್ ಆಗಬೇಕು. ಪ್ಯಾಕೇಜಿನ ಹಾಳೆಯ ಅಡಿಯಲ್ಲಿ ಹಾಕಿಸಿಕೊಂಡ ಒಂದು ಸಹಿ ಇದಕ್ಕೆ ಸಾಲದು. ಆದರೂ ಇದು ಪಟ್ಟಿಯಲ್ಲಿ ಕಂಡರೆ, ಬಹಳ ಸಲ ಅದು ಹಳೆಯ ಪ್ಯಾಕೇಜನ್ನು ಹಾಗೇ ಮುಂದುವರಿಸಿದ್ದರ ಫಲ. ಹೀಗಾಗಿ ಆ ಒಂದು ಟೆಸ್ಟ್ ತೆಗೆಯಿರಿ, ಕಾಯ್ದೆ ಒಪ್ಪುವುದಿಲ್ಲ ಎಂದು ಮೊದಲೇ ಇಮೇಲ್ ಹಾಕುವುದು ಜಗಳವಲ್ಲ. ಬಾಯಲ್ಲಿ ಹೇಳಬೇಡಿ, ಬರೆದು ಕಳಿಸಿ. ನೂರು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಈ ಕಾಯ್ದೆಯಡಿ ದೂರು ಕೇಳುವ ಅಧಿಕಾರಿ ಇರಬೇಕು. ಆಸ್ಪತ್ರೆಗಳಿಗೆ ಆ ಸಂಖ್ಯೆ ಇಪ್ಪತ್ತು.

ಇನ್ನು ಫಾರ್ಮಿನ ಪ್ರಶ್ನೆಗಳು. 'ನಿಮಗೆ ಎಂದಾದರೂ ಮಾನಸಿಕ ಕಾಯಿಲೆ, ಮೂರ್ಛೆರೋಗ, ಆಪರೇಷನ್...' ಎಂದು ಶುರುವಾಗುವ ಉದ್ದ ಪಟ್ಟಿ. ಸುಳ್ಳು ಬರೆಯುವುದು ಸುಲಭ ಅನ್ನಿಸುತ್ತದೆ, ಆದರೆ ಬರೆಯಬೇಡಿ. ಆ ಫಾರ್ಮಿನ ತುದಿಯಲ್ಲಿ 'ಮಾಹಿತಿ ತಪ್ಪೆಂದು ಕಂಡುಬಂದರೆ ಕೆಲಸದಿಂದ ತೆಗೆಯಬಹುದು' ಎಂಬ ಸಾಲು ಇರುತ್ತದೆ. ಮೂರು ವರ್ಷ ಕಳೆದು ಬೇರೆ ಯಾವುದೋ ಕಾರಣಕ್ಕೆ ನಿಮ್ಮನ್ನು ಕಳಿಸಬೇಕು ಅನ್ನಿಸಿದಾಗ ಹೊರಗೆ ಬರುವುದು ಅದೇ ಹಾಳೆ. ಎಲ್‌ಐಸಿಯ ಆ ಮಹಿಳೆಗೆ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು, ಎಲ್ಲರಿಗೂ ಆಗುವ ಮಾತಲ್ಲ. ಕೆಲಸಕ್ಕೆ ಸಂಬಂಧಿಸಿದ ವಿವರವನ್ನು ಪರೀಕ್ಷಿಸುವ ವೈದ್ಯರಿಗೆ ನೇರವಾಗಿ ತಿಳಿಸುತ್ತೇನೆ ಎಂದು ಕಾಲಮ್ಮಿನಲ್ಲಿ ಬರೆಯಿರಿ, ಹಾಗೆ ಬರೆದ ಮೇಲೆ ವೈದ್ಯರಿಗೆ ನಿಜವಾಗಿಯೂ ತಿಳಿಸಿ. ಮೂರ್ಛೆರೋಗವಿದ್ದು ಎತ್ತರದಲ್ಲಿ ನಿಂತು ಮಾಡುವ ಕೆಲಸಕ್ಕೋ ಲಾರಿ ಓಡಿಸುವುದಕ್ಕೋ ಹೋಗುತ್ತಿದ್ದರೆ ಬಚ್ಚಿಡುವುದು ನಿಮ್ಮ ಜೀವಕ್ಕೂ ಇನ್ನೊಬ್ಬರ ಜೀವಕ್ಕೂ ಅಪಾಯ.

'ಇನ್ಶೂರೆನ್ಸಿಗೆ ಬೇಕು' ಎಂಬುದು ಎಚ್‌ಆರ್‌ನ ಮಾಮೂಲಿ ಉತ್ತರ. ಕಂಪನಿಯ ಗ್ರೂಪ್ ಪಾಲಿಸಿಗೆ ಸೇರಿಸಲು ಸಾಮಾನ್ಯವಾಗಿ ಬೇಕಾಗುವುದು ಹೆಸರು, ಹುಟ್ಟಿದ ದಿನ, ಮನೆಯವರ ವಿವರ. ಹಾಗೊಂದು ವೇಳೆ ಇನ್ಶೂರೆನ್ಸ್ ಕಂಪನಿ ಕಾಯಿಲೆಯ ವಿವರ ಕೇಳಿದರೂ ಅದು ಅವರಿಗೆ ಕೊಡಬೇಕಾದದ್ದು.

ಪರೀಕ್ಷೆ ನ್ಯಾಯವಾದಲ್ಲೂ ಅಲ್ಲಿಗೇ ನಿಲ್ಲಬಾರದು ಎನ್ನುವುದಕ್ಕೆ ತಮಿಳುನಾಡಿನ ಒಂದು ಪ್ರಕರಣ ಇದೆ. ಅಲ್ಲಿನ ವಿದ್ಯುತ್ ನಿಗಮಕ್ಕೆ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಆಯ್ಕೆಯಾದವರೊಬ್ಬರಿಗೆ ತಪಾಸಣೆಯಲ್ಲಿ ಬಣ್ಣಗುರುಡು ಕಂಡುಬಂತು. ವೈರುಗಳನ್ನು ಬಣ್ಣದಿಂದಲೇ ಗುರುತಿಸುವ ಕೆಲಸ, ಆದ್ದರಿಂದ ಪರೀಕ್ಷೆ ಸರಿಯೇ. ಆದರೆ ಇಂಜಿನಿಯರ್ ಎಂದರೆ ಕಂಬದ ಬುಡದ ಕೆಲಸ ಮಾತ್ರ ಅಲ್ಲವಲ್ಲ. ಯೋಜನೆ, ಲೆಕ್ಕ, ಕಚೇರಿಯ ಕೆಲಸಗಳೂ ಇವೆ. ಸೂಕ್ತವಾದ ಹುದ್ದೆ ಕೊಟ್ಟು ನೇಮಿಸಿಕೊಳ್ಳಿ ಎಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೆ ನಾನು ಇಲ್ಲಿ ಉದಾಹರಿಸಿದ ತೀರ್ಪುಗಳೆಲ್ಲ ಸರ್ಕಾರಿ ಸಂಸ್ಥೆಗಳ ಮೇಲಿನವು ಎಂಬುದನ್ನು ಗಮನಿಸಿ. ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14 ಮತ್ತು 16ನೇ ವಿಧಿಗಳು ಹಿಡಿದುಕೊಳ್ಳುವುದು ಸರ್ಕಾರವನ್ನು. ಹೆರಿಗೆ ಸೌಲಭ್ಯದ ಕಾನೂನು ರಕ್ಷಿಸುವುದು ಆಗಲೇ ಕೆಲಸದಲ್ಲಿರುವವರನ್ನು. ಖಾಸಗಿ ಕಂಪನಿಯೊಂದು ಡಯಾಬಿಟಿಸ್ ನೋಡಿ ಸದ್ದಿಲ್ಲದೆ ಆಫರ್ ಹಿಂದಕ್ಕೆ ತೆಗೆದುಕೊಂಡರೆ, 'ಈ ಕಾರಣಕ್ಕೆ ಹಾಗೆ ಮಾಡುವಂತಿಲ್ಲ' ಎಂದು ನೇರವಾಗಿ ಹೇಳುವ ಸೆಕ್ಷನ್ ತೋರಿಸುವುದು ಕಷ್ಟ.

ಅಮೆರಿಕದಲ್ಲಿ ಇದಕ್ಕೆ 1990ರ ಕಾಯ್ದೆಯೊಂದು ಕ್ರಮ ಕಟ್ಟಿದೆ, ಅಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ನಮ್ಮವರಿಗೂ ಇದು ಅನ್ವಯ. ಹದಿನೈದು ಅಥವಾ ಹೆಚ್ಚು ನೌಕರರಿರುವ ಕಂಪನಿ ಆಫರ್ ಕೊಡುವ ಮೊದಲು ಆರೋಗ್ಯದ ಪ್ರಶ್ನೆ ಕೇಳುವಂತಿಲ್ಲ. ಆಫರ್ ಕೊಟ್ಟ ಮೇಲೆ ತಪಾಸಣೆ ಮಾಡಿಸಬಹುದು, ಆದರೆ ಅದೇ ಬಗೆಯ ಕೆಲಸಕ್ಕೆ ಸೇರುವ ಎಲ್ಲರಿಗೂ ಮಾಡಿಸಬೇಕು. ವೈಕಲ್ಯದ ಕಾರಣಕ್ಕೆ ಆಫರ್ ವಾಪಸ್ ಪಡೆದರೆ ಆ ಕಾರಣ ಕೆಲಸಕ್ಕೆ ಸಂಬಂಧಿಸಿದ್ದು ಎಂದು ಕಂಪನಿಯೇ ತೋರಿಸಬೇಕು. ವೈದ್ಯಕೀಯ ಕಾಗದಗಳು ನೌಕರನ ಮಾಮೂಲಿ ಫೈಲಿನಲ್ಲಿ ಇರಕೂಡದು. ಅಪ್ಪ ಅಮ್ಮನಿಗೆ ಏನು ಕಾಯಿಲೆ ಇತ್ತು ಎಂದು ಕೇಳುವುದನ್ನು 2008ರ ಇನ್ನೊಂದು ಕಾಯ್ದೆ ತಡೆದಿದೆ.

ನಮ್ಮಲ್ಲೂ ಖಾಸಗಿ ಕೆಲಸಕ್ಕೆ ಇದೇ ಕ್ರಮ ಬರಬೇಕು ಎನ್ನುತ್ತೇನೆ. ಮೊದಲು ಆಫರ್, ಆಮೇಲೆ ಆ ಹುದ್ದೆಗೆ ಬೇಕಾದಷ್ಟೇ ಟೆಸ್ಟ್, ಪಟ್ಟಿ ಮುಂಚೆಯೇ ಅಭ್ಯರ್ಥಿಯ ಕೈಗೆ, ರಿಪೋರ್ಟ್ ಅಭ್ಯರ್ಥಿಗೆ, ಒಂದು ಪುಟದ ಸರ್ಟಿಫಿಕೇಟ್ ಕಂಪನಿಗೆ. ಅನ್‌ಫಿಟ್ ಎಂದರೆ ಯಾವ ಕೆಲಸಕ್ಕೆ, ಯಾಕೆ ಎಂದು ಲಿಖಿತವಾಗಿ ಕೊಡಬೇಕು, ಬೇರೆ ಡಾಕ್ಟರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲು ಅವಕಾಶ ಇರಬೇಕು. ಅಡುಗೆಯವರಿಗೆ ಆಗಲೇ ಮಾಡಿಟ್ಟಿರುವ ಸರ್ಟಿಫಿಕೇಟಿನ ನಮೂನೆ ನಮ್ಮ ಹತ್ತಿರ ಇದೆ. ಅಕೌಂಟೆಂಟಿಗೆ ಅದಕ್ಕಿಂತ ಉದ್ದದ ಹಾಳೆ ಯಾಕೆ ಬೇಕು ಎಂದು ಎಚ್‌ಆರ್‌ಗಳು ಹೇಳಲಿ.